ಫ್ಯಾನ್ ನಿಂತಾಗ ಏರುವ ದಕ್ಷತೆ

ಫ್ಯಾನ್ ಕೆಟ್ಟು ನಿಂತಿದೆ. ಪ್ರೊಸೆಸರ್ ಕಾದು ಕಂಪ್ಯೂಟರ್ ತೆವಳುತ್ತಿದೆ. ಆ ಹೊತ್ತಿಗೆ ಪ್ರೊಸೆಸರ್ ಮೇಲೆ ಕೂತಿರುವ ಹೀಟ್ ಸಿಂಕ್‌ನ ಅಲ್ಯೂಮಿನಿಯಂ ಕಡ್ಡಿಗಳ ದಕ್ಷತೆಯನ್ನು ಲೆಕ್ಕ ಹಾಕಿದರೆ ಶೇ 98 ಬರುತ್ತದೆ. ಫ್ಯಾನ್ ಸರಿಯಾಗಿ ತಿರುಗುತ್ತಿದ್ದಾಗ ಅದೇ ಕಡ್ಡಿಗಳ ದಕ್ಷತೆ ಶೇ 90 ಇತ್ತು. ಲೆಕ್ಕ ತಪ್ಪಿಲ್ಲ, ಸೂತ್ರವೂ ತಪ್ಪಿಲ್ಲ. ತಂಪು ಮಾಡುವ ಕೆಲಸ ಕೆಟ್ಟಷ್ಟೂ ದಕ್ಷತೆಯ ಅಂಕಿ ಏರುತ್ತದೆ ಎನ್ನುವುದೇ ಇಲ್ಲಿನ ಸ್ವಾರಸ್ಯ. ಶಾಖ ವರ್ಗಾವಣೆಯ ಪರೀಕ್ಷೆ ಬರೆದು ಪಾಸಾದವರಲ್ಲೂ ಅನೇಕರು ಇದನ್ನು ಗಮನಿಸಿರುವುದಿಲ್ಲ. ‘ಹೆಚ್ಚು ದಕ್ಷತೆಯ ಹೀಟ್ ಸಿಂಕ್’ ಎಂದು ಯಾರಾದರೂ ಹೊಗಳಿದರೆ ಏನು ಕೇಳಬೇಕು ಎಂದು ತಿಳಿಯಲು ಒಂದು ಹೀಟ್ ಸಿಂಕ್ ಅನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡಿಯೇ ನೋಡಬೇಕು.

ಎರಡು ರೂಪಾಯಿ ನಾಣ್ಯದ ಸುಮಾರು ಎರಡರಷ್ಟು ಅಗಲದ ಚೌಕ ತಟ್ಟೆಯೊಂದನ್ನು ಊಹಿಸಿಕೊಳ್ಳಿ. ಅಳತೆ 50 ಮಿಲಿಮೀಟರಿಗೆ 50 ಮಿಲಿಮೀಟರ್. ಅದರ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲು, ಒಟ್ಟು ನೂರು ಕಡ್ಡಿ. ಒಂದೊಂದರ ದಪ್ಪ 2 ಮಿ.ಮೀ., ಎತ್ತರ 25 ಮಿ.ಮೀ. ಇದನ್ನೇ ಪಿನ್ ಫಿನ್ ಹೀಟ್ ಸಿಂಕ್ ಎನ್ನುವುದು. 486 ಮತ್ತು ಮೊದಲ ಪೆಂಟಿಯಂ ಕಾಲದ ಹಳೆಯ ಕಂಪ್ಯೂಟರ್ ಬಿಚ್ಚಿದವರು ಇಂಥದ್ದನ್ನು ಕಂಡಿರುತ್ತಾರೆ. ಈಗಲೂ ಮದರ್‌ಬೋರ್ಡಿನ ಚಿಪ್‌ಸೆಟ್ ಮೇಲೆ, ಅಂಗೈಯಗಲದ ಬೋರ್ಡ್ ಕಂಪ್ಯೂಟರುಗಳ ಮೇಲೆ ಇದರ ಪುಟ್ಟ ರೂಪ ಸಿಗುತ್ತದೆ. ಹಲಗೆಯಂಥ ಫಿನ್‌ಗಳಾದರೆ ಗಾಳಿ ಅವುಗಳ ಉದ್ದಕ್ಕೇ ಬೀಸಬೇಕು, ಅಡ್ಡ ಬೀಸಿದರೆ ಕೆಲಸವಾಗದು. ಕಡ್ಡಿಗಳಿಗೆ ಆ ಹಂಗಿಲ್ಲ, ಗಾಳಿ ಯಾವ ಕಡೆಯಿಂದ ಬಂದರೂ ನಡುವೆ ನುಸುಳಿಕೊಂಡು ಹೋಗುತ್ತದೆ.

ತಟ್ಟೆಯ ಕೆಳಗಿರುವುದು 35 ವ್ಯಾಟ್‌ನ ಪ್ರೊಸೆಸರ್, ಕಡಿಮೆ ವಿದ್ಯುತ್ ಬಳಸುವ ಡೆಸ್ಕ್‌ಟಾಪ್‌ಗಳಲ್ಲಿ ಇರುವಂಥದ್ದು. ಕ್ಯಾಬಿನೆಟ್ ಒಳಗಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ಇದೆ ಎನ್ನೋಣ. ಇನ್ನೆರಡು ಅಂಕಿ ಬೇಕು. ಅಲ್ಯೂಮಿನಿಯಂನ ಉಷ್ಣವಾಹಕತೆ ಸುಮಾರು 200. ಗಾಳಿ ಶಾಖವನ್ನು ಹೊತ್ತೊಯ್ಯುವ ಸಾಮರ್ಥ್ಯ 50, ಎಂದರೆ ಗಾಳಿಗಿಂತ ಒಂದು ಡಿಗ್ರಿ ಬಿಸಿಯಿರುವ ಒಂದು ಚದರ ಮೀಟರ್ ಮೈಯಿಂದ 50 ವ್ಯಾಟ್ ಶಾಖ ಗಾಳಿಗೆ ಹೋಗುತ್ತದೆ. ಸಾಧಾರಣ ಫ್ಯಾನ್ ಬೀಸುವಲ್ಲಿ ಇದು ಒಪ್ಪುವ ಅಂಕಿ.

ಕಡ್ಡಿಗಳೇ ಇಲ್ಲದೆ ಬರೀ ತಟ್ಟೆ ಇದ್ದಿದ್ದರೆ? ಅದರ ಮೇಲ್ಮೈ 0.0025 ಚದರ ಮೀಟರ್. ಗಾಳಿಗಿಂತ ಒಂದು ಡಿಗ್ರಿ ಬಿಸಿಯಾದರೆ ಅದು ಬಿಟ್ಟುಕೊಡುವುದು ಒಂದು ವ್ಯಾಟ್‌ನ ಎಂಟನೇ ಒಂದು ಭಾಗ ಅಷ್ಟೇ. 35 ವ್ಯಾಟ್ ಹೊರಹಾಕಲು ತಟ್ಟೆ ಗಾಳಿಗಿಂತ 280 ಡಿಗ್ರಿ ಹೆಚ್ಚು ಕಾಯಬೇಕು. ನೂರು ಡಿಗ್ರಿಯ ಆಸುಪಾಸಿನಲ್ಲೇ ತನ್ನ ವೇಗ ಇಳಿಸಿಕೊಳ್ಳುವ, ಅದಕ್ಕೂ ಜಗ್ಗದಿದ್ದರೆ ಆಫ್ ಆಗುವ ಪ್ರೊಸೆಸರ್ ಅಲ್ಲಿಯವರೆಗೆ ಬದುಕುವ ಮಾತೇ ಇಲ್ಲ. ಹಾಗಾಗಿ ಮೇಲ್ಮೈ ಹೆಚ್ಚಿಸಬೇಕು, ಅದಕ್ಕೇ ಕಡ್ಡಿಗಳು.

ಕಡ್ಡಿ ನಿಲ್ಲಿಸಿದ ಮಾತ್ರಕ್ಕೆ ಅದರ ಮೈಯೆಲ್ಲ ತಟ್ಟೆಯಷ್ಟೇ ಬಿಸಿ ಇರುವುದಿಲ್ಲ. ಶಾಖ ಬುಡದಿಂದ ಮೇಲೇರುತ್ತ ಹೋದಂತೆ ದಾರಿಯುದ್ದಕ್ಕೂ ಗಾಳಿ ಅದನ್ನು ಕಿತ್ತುಕೊಳ್ಳುತ್ತಿರುತ್ತದೆ. ನಾಲೆಯ ಮೇಲ್ಭಾಗದವರು ನೀರು ಹರಿಸಿಕೊಂಡ ಮೇಲೆ ಕೊನೆಭಾಗದ ರೈತರಿಗೆ ಉಳಿಯುವಷ್ಟೇ ಉಳಿಯುವ ಹಾಗೆ, ಕಡ್ಡಿಯ ತುದಿಗೆ ತಲುಪುವ ಬಿಸಿ ಕಡಿಮೆ. ತುದಿ ತಣ್ಣಗಿದ್ದರೆ ಅದು ಗಾಳಿಗೆ ಕೊಡುವ ಶಾಖವೂ ಕಡಿಮೆ. ಇಡೀ ಕಡ್ಡಿ ಬುಡದಷ್ಟೇ ಬಿಸಿಯಾಗಿದ್ದಿದ್ದರೆ ಎಷ್ಟು ಶಾಖ ಹೋಗುತ್ತಿತ್ತೋ ಅದರಲ್ಲಿ ನಿಜವಾಗಿ ಹೋಗುವ ಪಾಲು ಎಷ್ಟು? ಅದೇ ಫಿನ್‌ನ ದಕ್ಷತೆ.

ದುಂಡನೆಯ ಕಡ್ಡಿಗೆ ಇದರ ಸೂತ್ರ ಹೀಗಿದೆ:

```
m = sqrt(4h / (k D))
Lc = L + D/4
η = tanh(m Lc) / (m Lc)
```

ಇಲ್ಲಿ h ಎಂದರೆ ಗಾಳಿಯ ಆ 50, k ಎಂದರೆ ಲೋಹದ 200, D ದಪ್ಪ, L ಎತ್ತರ. ಎತ್ತರಕ್ಕೆ ದಪ್ಪದ ಕಾಲು ಭಾಗ ಸೇರಿಸುವುದು ಏಕೆಂದರೆ ಕಡ್ಡಿಯ ನೆತ್ತಿಯಿಂದಲೂ ಒಂದಿಷ್ಟು ಶಾಖ ಹೋಗುತ್ತದೆ. ಈ ಬಗೆಯ ತಿದ್ದುಪಡಿ ನೂರು ವರ್ಷಕ್ಕೂ ಹಳೆಯದು. ಹಾರ್ಪರ್ ಮತ್ತು ಬ್ರೌನ್ ಎಂಬಿಬ್ಬರು 1922ರಲ್ಲಿ ಅಮೆರಿಕದ ನಾಕಾ ಸಂಸ್ಥೆಗಾಗಿ, ಗಾಳಿಯಿಂದ ತಂಪಾಗುವ ವಿಮಾನದ ಎಂಜಿನ್‌ಗಳ ಫಿನ್‌ಗಳ ಬಗ್ಗೆ ಬರೆದ ವರದಿಯಲ್ಲಿ ಅದು ಬಂದಿದೆ. ಕಂಪ್ಯೂಟರ್ ಎಂಬ ಯಂತ್ರ ಹುಟ್ಟುವ ಮೊದಲೇ ಅದರ ಹೀಟ್ ಸಿಂಕ್‌ನ ಗಣಿತ ಸಿದ್ಧವಾಗಿತ್ತು.

ನಮ್ಮ ಅಂಕಿಗಳನ್ನು ಹಾಕಿದರೆ m ಸುಮಾರು 22.4, ತಿದ್ದಿದ ಎತ್ತರ 25.5 ಮಿ.ಮೀ., ಎರಡರ ಗುಣಲಬ್ಧ 0.57. ದಕ್ಷತೆ 0.904, ಅಂದರೆ ಶೇ 90. ಬುಡ ಗಾಳಿಗಿಂತ 42 ಡಿಗ್ರಿ ಬಿಸಿಯಿದ್ದರೆ ತುದಿ 36 ಡಿಗ್ರಿ ಬಿಸಿಯಿರುತ್ತದೆ. ಕೊನೆಭಾಗಕ್ಕೂ ಸಾಕಷ್ಟು ತಲುಪಿದೆ, ಪರವಾಗಿಲ್ಲ.

ಈ ಕಡ್ಡಿ ನಿಂತದ್ದರಿಂದ ಲಾಭವೆಷ್ಟು ಎನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಪರಿಣಾಮಕಾರಿತ್ವ. ಕಡ್ಡಿ ತಟ್ಟೆಯ ಮೇಲೆ ಆಕ್ರಮಿಸಿಕೊಂಡ ಪುಟ್ಟ ವೃತ್ತ 3.14 ಚದರ ಮಿ.ಮೀ. ಕಡ್ಡಿ ಇಲ್ಲದಿದ್ದರೆ ಆ ವೃತ್ತವೇ ಗಾಳಿಗೆ ಶಾಖ ಕೊಡುತ್ತಿತ್ತು. ಈಗ ಅದರ ಬದಲು 160 ಚದರ ಮಿ.ಮೀ. ಮೈ ಸಿಕ್ಕಿದೆ, 51 ಪಟ್ಟು. ಶೇ 90 ದಕ್ಷತೆಯಿಂದ ಗುಣಿಸಿದರೆ 46. ಒಂದು ಕಡ್ಡಿ ತಾನು ನಿಂತ ಜಾಗದ ಶಾಖವನ್ನು 46 ಪಟ್ಟು ಮಾಡಿದೆ. ಎರಡು ಪಟ್ಟಾದರೂ ಆಗದಿದ್ದರೆ ಫಿನ್ ಹಾಕುವ ಗೋಜಿಗೇ ಹೋಗಬೇಡಿ ಎನ್ನುವುದು ಪಠ್ಯಪುಸ್ತಕಗಳ ಮಾತು. 46 ಎಂದರೆ ಭರ್ಜರಿ.

ಹಾಗಾದರೆ 280 ಡಿಗ್ರಿಯನ್ನು 46ರಿಂದ ಭಾಗಿಸಿ, ಪ್ರೊಸೆಸರ್ ಬರೀ 6 ಡಿಗ್ರಿ ಕಾಯುತ್ತದೆ ಎನ್ನಬಹುದೇ? ಅನೇಕರು ಎಡವುವುದು ಇಲ್ಲೇ. ನೂರು ಕಡ್ಡಿಗಳ ಬುಡ ಸೇರಿದರೂ ಆಗುವುದು 314 ಚದರ ಮಿ.ಮೀ., ಅಂದರೆ 2500ರಲ್ಲಿ ಸುಮಾರು ಎಂಟನೇ ಒಂದು ಭಾಗ. ಉಳಿದ ಏಳು ಭಾಗ ಬರೀ ನೆಲ, ಅದರ ಲಾಭ ಒಂದು ಪಟ್ಟು ಮಾತ್ರ. ಎಂಟನೇ ಒಂದು ಭಾಗದ 46 ಪಟ್ಟು ಎಂದರೆ 5.8. ಬರೀ ನೆಲದ್ದು 0.9. ಕೂಡಿದರೆ 6.7. ಇಡೀ ಹೀಟ್ ಸಿಂಕ್‌ನ ನಿಜವಾದ ಪರಿಣಾಮಕಾರಿತ್ವ ಇದು. 280ನ್ನು 6.7ರಿಂದ ಭಾಗಿಸಿದರೆ 42 ಡಿಗ್ರಿ. ಗಾಳಿಯ 35 ಸೇರಿಸಿ, ತಟ್ಟೆ 77 ಡಿಗ್ರಿ. ಥರ್ಮಲ್ ಪೇಸ್ಟ್ ಮತ್ತು ಪ್ರೊಸೆಸರ್‌ನ ಲೋಹದ ಮುಚ್ಚಳ ದಾಟಲು ಇನ್ನೊಂದು ಹತ್ತು ಡಿಗ್ರಿ ಎಂದಿಟ್ಟುಕೊಂಡರೆ ಒಳಗಿನ ಸೆನ್ಸರ್ 87 ತೋರಿಸುತ್ತದೆ. ಬೆವರು ಬರಿಸುವ ಅಂಕಿ, ಆದರೆ ಕೆಲಸ ನಡೆಯುತ್ತದೆ.

ಇದನ್ನು ಇನ್ನಷ್ಟು ಇಳಿಸಬೇಕೆಂದರೆ ಏನೇನು ಮಾಡಬಹುದು? ಮೊದಲು ಹೊಳೆಯುವುದು ಕಡ್ಡಿಯನ್ನು ಉದ್ದ ಮಾಡುವುದು. ಎತ್ತರವನ್ನು 50 ಮಿ.ಮೀ. ಮಾಡಿದರೆ ದಕ್ಷತೆ ಶೇ 90ರಿಂದ 72ಕ್ಕೆ ಕುಸಿಯುತ್ತದೆ. ಆದರೂ ತಟ್ಟೆಯ ಏರಿಕೆ 42ರಿಂದ 28 ಡಿಗ್ರಿಗೆ ಇಳಿಯುತ್ತದೆ. ದಕ್ಷತೆ ಕಳೆದುಕೊಂಡು 14 ಡಿಗ್ರಿ ಗಳಿಸಿದಂತಾಯಿತು. ಇನ್ನೊಮ್ಮೆ ದುಪ್ಪಟ್ಟು ಮಾಡಿ 100 ಮಿ.ಮೀ.ಗೆ ಒಯ್ದರೆ ದಕ್ಷತೆ ಶೇ 43ರ ಹತ್ತಿರ ಬರುತ್ತದೆ, ಏರಿಕೆ 28ರಿಂದ 24ಕ್ಕೆ ಇಳಿಯುತ್ತದೆ. ಮೊದಲ ಸಲ ಸೇರಿಸಿದ 25 ಮಿ.ಮೀ. ಲೋಹ 14 ಡಿಗ್ರಿ ಕೊಟ್ಟಿತು, ಎರಡನೇ ಸಲ ಸೇರಿಸಿದ 50 ಮಿ.ಮೀ. ಕೊಟ್ಟದ್ದು 4 ಡಿಗ್ರಿ. ನನ್ನ ದೃಷ್ಟಿಯಲ್ಲಿ ದಕ್ಷತೆಯ ಅಂಕಿಯಿಂದ ಆಗುವ ದೊಡ್ಡ ಉಪಯೋಗ ಇದೊಂದೇ. ಉದ್ದ ಮಾಡುವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ಅದು ಹೇಳುತ್ತದೆ. ಅದನ್ನು ಅಂಕಪಟ್ಟಿಯ ಹಾಗೆ ಓದಿ ಶೇ 100 ಬೇಕು ಎಂದು ಹಟ ಹಿಡಿದರೆ ಉತ್ತರ ಸುಲಭವಿದೆ: ಎತ್ತರವೇ ಇಲ್ಲದ ಕಡ್ಡಿಯ ದಕ್ಷತೆ ಶೇ 100.

ಎರಡನೆಯದು ಜೋರಾದ ಫ್ಯಾನ್. ಗಾಳಿಯ ಅಂಕಿ 50ರಿಂದ 100ಕ್ಕೆ ಏರಿತು ಎನ್ನಿ. ಕಡ್ಡಿಯ ಬುಡದಲ್ಲೇ ಗಾಳಿ ಹೆಚ್ಚು ಶಾಖ ಸೆಳೆಯುವುದರಿಂದ ತುದಿಗೆ ಹೋಗುವುದು ಕಡಿಮೆಯಾಗಿ ದಕ್ಷತೆ ಶೇ 83ಕ್ಕೆ ಇಳಿಯುತ್ತದೆ. ತಟ್ಟೆಯ ಏರಿಕೆ ಮಾತ್ರ 42ರಿಂದ 23 ಡಿಗ್ರಿಗೆ. ಇದನ್ನು ತಿರುಗಿಸಿ ನೋಡಿದರೆ ಮೊದಲು ಹೇಳಿದ ಶೇ 98ರ ಒಗಟು ಬಿಡಿಸಿಕೊಳ್ಳುತ್ತದೆ. ಫ್ಯಾನ್ ನಿಂತು ಗಾಳಿಯ ಅಂಕಿ 8ರ ಹತ್ತಿರ ಬಂದರೆ ದಾರಿಯಲ್ಲಿ ಶಾಖ ಕಿತ್ತುಕೊಳ್ಳುವವರೇ ಇಲ್ಲ, ಬುಡ ತುದಿ ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಿಸಿ. ಆದ್ದರಿಂದ ದಕ್ಷತೆ ಪೂರ್ಣದ ಸಮೀಪ. ಕಡ್ಡಿ ತನ್ನ ಕೆಲಸ ಪರಿಪೂರ್ಣವಾಗಿ ಮಾಡುತ್ತಿದೆ, ಗಾಳಿ ಮಾಡುತ್ತಿಲ್ಲ. ಇದೇ ಕಡ್ಡಿಗಳ ನಡುವೆ ಗಾಳಿಯ ಬದಲು ದ್ರವ ಹರಿಸಿ ಅಂಕಿಯನ್ನು 1000 ಮಾಡಿದರೆ ದಕ್ಷತೆ ಶೇ 39ಕ್ಕೆ ಬೀಳುತ್ತದೆ. ಹಾಗಾಗಿಯೇ ದ್ರವದಿಂದ ತಂಪಾಗುವ ಪ್ರೊಸೆಸರ್‌ಗಳ ತಟ್ಟೆಯಲ್ಲಿ ಉದ್ದ ಕಡ್ಡಿಗಳಿರುವುದಿಲ್ಲ, ಗಿಡ್ಡನೆಯ ದಟ್ಟ ಫಿನ್‌ಗಳಿರುತ್ತವೆ.

ಮೂರನೆಯದು ಕಡ್ಡಿಗಳನ್ನು ಒತ್ತೊತ್ತಾಗಿ ನಿಲ್ಲಿಸುವುದು. ಸಾಲಿಗೆ ಹತ್ತರ ಬದಲು ಹದಿನಾಲ್ಕು ಹಾಕಿದರೆ 196 ಕಡ್ಡಿ. ಕಾಗದದ ಮೇಲೆ ಇದು ಬಹಳ ಚೆಂದ, ಏರಿಕೆ 23 ಡಿಗ್ರಿಗೆ ಇಳಿಯುತ್ತದೆ. ಆದರೆ ಈ ಲೆಕ್ಕ ಗಾಳಿ ಮೊದಲಿನಷ್ಟೇ ಚೆನ್ನಾಗಿ ಹರಿಯುತ್ತದೆ ಎಂದು ನಂಬಿಕೊಂಡಿದೆ. ಕಡ್ಡಿಗಳ ನಡುವಿನ ಸಂದು ಈಗ 3 ಮಿ.ಮೀ. ಅಲ್ಲ, ಒಂದೂವರೆ ಮಿ.ಮೀ. ಸಣ್ಣ ಫ್ಯಾನ್‌ಗೆ ಅಷ್ಟು ಇಕ್ಕಟ್ಟಿನಲ್ಲಿ ಗಾಳಿ ತಳ್ಳುವ ಶಕ್ತಿ ಇಲ್ಲದಿದ್ದರೆ ಗಾಳಿ ಪಕ್ಕದಿಂದ ಸುತ್ತಿಕೊಂಡು ಹೋಗುತ್ತದೆ. ಗಾಳಿಯ ಅಂಕಿ ಅರ್ಧಕ್ಕಿಳಿದು 25 ಆಯಿತು ಎನ್ನಿ. ಆಗ ಏರಿಕೆ 44 ಡಿಗ್ರಿ. ಸುಮಾರು ಎರಡು ಪಟ್ಟು ಕಡ್ಡಿ, ಅಷ್ಟೇ ಹೆಚ್ಚು ಲೋಹ, ದಕ್ಷತೆ ಶೇ 95, ಫಲಿತಾಂಶ ಮೊದಲಿಗಿಂತ ಎರಡು ಡಿಗ್ರಿ ಕೆಟ್ಟದ್ದು. ಮಾರುಕಟ್ಟೆಯಲ್ಲಿ ನೋಡಲು ದಟ್ಟವಾದ ಹೀಟ್ ಸಿಂಕ್‌ಗೆ ಬೆಲೆ ಹೆಚ್ಚು. ಅದಕ್ಕೆ ತಕ್ಕ ಫ್ಯಾನ್ ಇದೆಯೇ ಎಂದು ಕೇಳುವವರು ಕಡಿಮೆ.

ಲೋಹದ ವಿಚಾರವನ್ನು ಬೇಗ ಮುಗಿಸಬಹುದು. ಇದೇ ಕಡ್ಡಿಗಳನ್ನು ತಾಮ್ರದಲ್ಲಿ ಮಾಡಿದರೆ ದಕ್ಷತೆ ಶೇ 90ರಿಂದ 95ಕ್ಕೆ ಏರುತ್ತದೆ, ತಟ್ಟೆ ಎರಡು ಡಿಗ್ರಿಯಷ್ಟು ತಣ್ಣಗಾಗುತ್ತದೆ. ತೂಕ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಗಿಡ್ಡ ಕಡ್ಡಿಗೆ ತಾಮ್ರ ದಂಡ. ತಾಮ್ರ ನಿಜವಾಗಿ ಬೇಕಾಗುವುದು ತಟ್ಟೆಯ ನಡುವೆ. ಹೆಬ್ಬೆರಳಿನ ಉಗುರಿನಷ್ಟೇ ಇರುವ ಚಿಪ್‌ನಿಂದ ಹೊಮ್ಮುವ ಶಾಖ ತಟ್ಟೆಯ ಮೂಲೆ ಮೂಲೆಗೂ ಹರಡಬೇಕಲ್ಲ. ಇಂಟೆಲ್ ಪ್ರೊಸೆಸರ್‌ಗಳ ಡಬ್ಬಿಯಲ್ಲಿ ಬರುತ್ತಿದ್ದ ಕೆಲವು ಕೂಲರ್‌ಗಳಲ್ಲಿ ಅಲ್ಯೂಮಿನಿಯಂ ಫಿನ್‌ಗಳ ನಡುವೆ ತಾಮ್ರದ ಗಟ್ಟಿ ಇರುತ್ತಿದ್ದುದು ಇದೇ ಕಾರಣಕ್ಕೆ. ಇನ್ನೊಂದು ಕಡೆ ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ ಮಿಶ್ರಲೋಹ ಬಂದರೆ ಅದರ ಉಷ್ಣವಾಹಕತೆ ನೂರರ ಆಸುಪಾಸು ಮಾತ್ರ. ಕಣ್ಣಿಗೆ ಎರಡೂ ಒಂದೇ ಥರ. ದಕ್ಷತೆ ಶೇ 83, ತಟ್ಟೆ ಮೂರು ನಾಲ್ಕು ಡಿಗ್ರಿ ಹೆಚ್ಚು ಬಿಸಿ.

ಸೂತ್ರವನ್ನು ಎಲ್ಲಿಯವರೆಗೆ ನಂಬಬಹುದು ಎನ್ನುವುದನ್ನೂ ಹೇಳಬೇಕು. ಕಡ್ಡಿಯ ಅಡ್ಡಕ್ಕೆ ಉಷ್ಣಾಂಶ ಒಂದೇ ಎಂದು ಅದು ಊಹಿಸುತ್ತದೆ, 2 ಮಿ.ಮೀ. ಅಲ್ಯೂಮಿನಿಯಂಗೆ ಅದು ಧಾರಾಳವಾಗಿ ಸರಿ. ಆದರೆ ಪ್ರತಿ ಕಡ್ಡಿಗೂ, ಬುಡಕ್ಕೂ ತುದಿಗೂ, ಗಾಳಿ ಒಂದೇ ರೀತಿ ಬೀಸುತ್ತದೆ ಎಂದೂ ಊಹಿಸುತ್ತದೆ. ಅದು ಸರಿಯಲ್ಲ. ಮೇಲಿನಿಂದ ಬೀಸುವ ಫ್ಯಾನ್ ತುದಿಗಳಿಗೆ ಜೋರಾಗಿ ಬಡಿಯುತ್ತದೆ, ಫ್ಯಾನ್‌ನ ನಡುವಿನ ಮೋಟರ್ ಕೆಳಗಿನ ಕಡ್ಡಿಗಳಿಗೆ ಗಾಳಿಯೇ ಸರಿಯಾಗಿ ಸಿಗುವುದಿಲ್ಲ, ಚಿಪ್ ಇರುವುದು ಹೆಚ್ಚಾಗಿ ಅದರ ಕೆಳಗೇ. ಪಕ್ಕದಿಂದ ಬೀಸಿದರೆ ಹಿಂದಿನ ಸಾಲುಗಳಿಗೆ ಮುಂದಿನವು ಕಾಯಿಸಿಬಿಟ್ಟ ಗಾಳಿ ಬರುತ್ತದೆ. ಸೆಕೆಂಡಿಗೆ 5 ಲೀಟರ್ ಗಾಳಿ ಕಡ್ಡಿಗಳ ನಡುವೆ ಹಾದರೆ 35 ವ್ಯಾಟ್ ಅದನ್ನು ಸುಮಾರು 6 ಡಿಗ್ರಿ ಕಾಯಿಸುತ್ತದೆ. ಹಾಯುವುದು ಬರೀ 2 ಲೀಟರ್ ಆದರೆ 15 ಡಿಗ್ರಿ. ಈ ಬಿಸಿಯನ್ನು ಯಾವ ದಕ್ಷತೆಯ ಸೂತ್ರವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ಮನೆಯಲ್ಲಿರುವ ಕಂಪ್ಯೂಟರ್ ಕಾಯುತ್ತಿದ್ದರೆ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯಲು ಇದೇ ಲೆಕ್ಕ ನೆರವಾಗುತ್ತದೆ. ಉಷ್ಣಾಂಶ ಅಳೆಯುವ ತಂತಿ ಇರುವ ಮಲ್ಟಿಮೀಟರ್ ಇದ್ದರೆ ಸಾಕು. ಪ್ರೊಸೆಸರ್‌ಗೆ ಒಂದೇ ಸಮನೆ ಕೆಲಸ ಕೊಟ್ಟು ಉಷ್ಣಾಂಶ ಸ್ಥಿರವಾಗುವವರೆಗೆ ಕಾಯಿರಿ. ಆಮೇಲೆ ಕಡ್ಡಿಯ ಬುಡ, ತುದಿ ಮತ್ತು ಒಳಬರುವ ಗಾಳಿ ಮೂರನ್ನೂ ಅಳೆಯಿರಿ. ಪ್ರೊಸೆಸರ್ ಒಳಗಿನ ಅಂಕಿಯನ್ನು ಲಿನಕ್ಸ್‌ನಲ್ಲಾದರೆ `sensors` ಆದೇಶ ಕೊಟ್ಟು ಓದಬಹುದು.

ಸರಿಯಿರುವ ನಮ್ಮ ಹೀಟ್ ಸಿಂಕ್‌ನಲ್ಲಿ ಬುಡ 77, ತುದಿ 71. ಧೂಳು ಕಟ್ಟಿ ಗಾಳಿಯ ಅಂಕಿ 30ಕ್ಕೆ ಇಳಿದಿದೆ ಎನ್ನಿ. ದಕ್ಷತೆ ಶೇ 94ಕ್ಕೆ ಏರುತ್ತದೆ, ಬುಡ 103ಕ್ಕೆ ಹೋಗುತ್ತದೆ, ತುದಿ 97. ಅಷ್ಟರಲ್ಲಿ ಪ್ರೊಸೆಸರ್ ತನ್ನ ವೇಗ ಇಳಿಸಿಕೊಂಡಿರುತ್ತದೆ, ಹಾಗಾಗಿ ನಿಜದಲ್ಲಿ ಅಲ್ಲಿಯವರೆಗೆ ಹೋಗದು. ಗಮನಿಸಬೇಕಾದದ್ದು ವ್ಯತ್ಯಾಸವನ್ನು: ಎರಡೂ ಸಂದರ್ಭದಲ್ಲಿ ಬುಡಕ್ಕೂ ತುದಿಗೂ ನಡುವೆ ಆರೇ ಡಿಗ್ರಿ. ಕಡ್ಡಿಯಲ್ಲಿ ಹರಿಯುವ ಶಾಖ ಅಷ್ಟೇ ಇರುವುದರಿಂದ ಈ ವ್ಯತ್ಯಾಸ ಬದಲಾಗುವುದಿಲ್ಲ. ಬದಲಾಗುವುದು ಇಡೀ ಕಡ್ಡಿ ಗಾಳಿಗಿಂತ ಎಷ್ಟು ಮೇಲಿದೆ ಎನ್ನುವುದು. ಹಾಗಾಗಿ ಬುಡ, ತುದಿ ಎರಡೂ ಒಟ್ಟಿಗೆ ಮೇಲೇರಿದ್ದರೆ ದೋಷ ಗಾಳಿಯದ್ದು: ಧೂಳು, ಸವೆದ ಫ್ಯಾನ್, ಗೋಡೆಗೆ ಒತ್ತಿ ಇಟ್ಟ ಕ್ಯಾಬಿನೆಟ್. ಸೆನ್ಸರ್ 95 ಎನ್ನುತ್ತಿದ್ದು ಕಡ್ಡಿಯ ಬುಡ 60ರಲ್ಲೇ ಇದ್ದರೆ ಶಾಖ ಕಡ್ಡಿಯವರೆಗೆ ಬಂದೇ ಇಲ್ಲ. ಅಂಥಲ್ಲಿ ಒಣಗಿದ ಥರ್ಮಲ್ ಪೇಸ್ಟ್ ಅಥವಾ ಸಡಿಲವಾದ ಕ್ಲಿಪ್ ನೋಡಬೇಕು. ಈ ಎರಡನೇ ಸ್ಥಿತಿಯಲ್ಲಿ ದೊಡ್ಡ ಫ್ಯಾನ್ ತಂದು ಹಾಕಿದರೆ ಹಣ ದಂಡ, ಸದ್ದು ಹೆಚ್ಚು, ಬಿಸಿ ಬಹುಮಟ್ಟಿಗೆ ಅಷ್ಟೇ.

ಹೀಟ್ ಸಿಂಕ್ ಕೊಳ್ಳುವಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ದಕ್ಷತೆಯ ಶೇಕಡಾವಾರು ಅಂಕಿ ಕೇಳಬೇಡಿ. ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ ಏರುತ್ತದೆ, ಅದು ಯಾವ ಫ್ಯಾನ್ ಇಟ್ಟು ಅಳೆದದ್ದು ಎಂದು ಕೇಳಿ. ನಮ್ಮ ನೂರು ಕಡ್ಡಿಯದ್ದು 1.2 ಡಿಗ್ರಿ, 35 ವ್ಯಾಟ್‌ಗೆ ಸಾಕು. 65 ವ್ಯಾಟ್‌ನ ಪ್ರೊಸೆಸರ್ ಮೇಲೆ ಇದನ್ನೇ ಕೂರಿಸಿದರೆ ಏರಿಕೆ 78 ಡಿಗ್ರಿ, ಬುಡವೇ 113 ಮುಟ್ಟಬೇಕಾಗುತ್ತದೆ, ಕೆಲಸಕ್ಕೆ ಬಾರದು. ಹೊಸದು ಕೊಳ್ಳುವ ಮೊದಲು ಇರುವುದರ ಧೂಳನ್ನೊಮ್ಮೆ ಊದಿಸಿ ನೋಡಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.